ಪಿಪಿಎಫ್ ಪಾಸ್‌ಬುಕ್‌ನಲ್ಲಿ ಐದನೇ ತಾರೀಖಿನ ಲೆಕ್ಕ

ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿಪಿಎಫ್ ಖಾತೆಯ ಪಾಸ್‌ಬುಕ್‌ನಲ್ಲಿ ಇರುವುದು ನಾಲ್ಕೈದು ಅಂಕಣ ಮಾತ್ರ: ತಾರೀಖು, ವಿವರ, ಜಮಾ, ತೆಗೆದ ಹಣ, ಶಿಲ್ಕು. ಹೆಚ್ಚಿನವರು ನೋಡುವುದು ಕೊನೆಯ ಶಿಲ್ಕನ್ನು. ಆದರೆ ಬಡ್ಡಿ ಸರಿಯಾಗಿ ಬಂದಿದೆಯೇ, ವರ್ಷದ ಮಿತಿ ದಾಟಿಲ್ಲವೇ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುವುದು ಮೊದಲ ಅಂಕಣದಲ್ಲಿ.

ಬಡ್ಡಿಯ ನಿಯಮ ಹೀಗಿದೆ. ಪ್ರತಿ ತಿಂಗಳು ಐದನೇ ತಾರೀಖಿನ ವಹಿವಾಟು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಶಿಲ್ಕು ಎಷ್ಟೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಐದರಂದೇ ಕಟ್ಟಿದ ಹಣಕ್ಕೆ ಆ ತಿಂಗಳ ಪೂರ್ತಿ ಬಡ್ಡಿ ಸಿಗುತ್ತದೆ, ಆರರಂದು ಕಟ್ಟಿದ್ದಕ್ಕೆ ಏನೂ ಇಲ್ಲ. ಹೀಗೆ ತಿಂಗಳು ತಿಂಗಳು ಲೆಕ್ಕವಾದ ಬಡ್ಡಿ ಆಗಾಗ ಖಾತೆಗೆ ಬೀಳುವುದಿಲ್ಲ. ಹಣಕಾಸು ವರ್ಷದ ಕೊನೆಗೆ, ಮಾರ್ಚ್ 31ಕ್ಕೆ, ಒಂದೇ ಸಲ ಜಮಾ ಆಗುತ್ತದೆ. ಡಿಸೆಂಬರ್‌ನಲ್ಲಿ ಪಾಸ್‌ಬುಕ್ ಅಚ್ಚು ಹಾಕಿಸಿ ಬಡ್ಡಿಯೇ ಬಂದಿಲ್ಲವೆಂದು ಗಾಬರಿಯಾಗುವವರು ಇದನ್ನು ನೆನಪಿಡಬೇಕು. ಜಮಾ ಆದ ಬಡ್ಡಿ ಏಪ್ರಿಲ್‌ನಿಂದ ಅಸಲಿಗೆ ಸೇರಿ ತಾನೂ ಬಡ್ಡಿ ದುಡಿಯತೊಡಗುತ್ತದೆ.

ಒಂದು ಖಾತೆಯ ಲೆಕ್ಕ ಹಾಕಿ ನೋಡಬಹುದು. ಏಪ್ರಿಲ್ 1ರಂದು ಶಿಲ್ಕು 4,00,000 ರೂಪಾಯಿ. ಖಾತೆದಾರರು ಏಪ್ರಿಲ್ 5ರಂದು 50,000, ಜುಲೈ 7ರಂದು 60,000, ಮಾರ್ಚ್ 30ರಂದು 40,000 ಕಟ್ಟಿದ್ದಾರೆ. ಬಡ್ಡಿ ದರ ವರ್ಷಕ್ಕೆ ಶೇ 7.1. ಇದು 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ದರ.

ಏಪ್ರಿಲ್‌ನ ಹಣ ಐದರಂದೇ ಬಂದಿರುವುದರಿಂದ ಆ ತಿಂಗಳಿಗೆ ಹಿಡಿಯಬೇಕಾದ ಶಿಲ್ಕು 4,50,000. ಮೇ, ಜೂನ್‌ಗೂ ಅಷ್ಟೇ. ಜುಲೈನಲ್ಲಿ 60,000 ಬಂದಿದ್ದರೂ ಅದು ಏಳನೇ ತಾರೀಖು, ಹಾಗಾಗಿ ಜುಲೈಗೂ 4,50,000ವೇ. ಆಗಸ್ಟ್‌ನಿಂದ ಮಾರ್ಚ್‌ವರೆಗೆ ಎಂಟು ತಿಂಗಳು 5,10,000. ಮಾರ್ಚ್ 30ರ 40,000ಕ್ಕೆ ಈ ವರ್ಷ ಒಂದು ಪೈಸೆ ಬಡ್ಡಿಯೂ ಇಲ್ಲ. ಹನ್ನೆರಡು ತಿಂಗಳ ಶಿಲ್ಕುಗಳನ್ನು ಕೂಡಿದರೆ 58,80,000. ಅದನ್ನು 7.1ರಿಂದ ಗುಣಿಸಿ 1200ರಿಂದ ಭಾಗಿಸಿದರೆ 34,790 ರೂಪಾಯಿ. ಮಾರ್ಚ್ 31ರ ಸಾಲಿನಲ್ಲಿ ಬಡ್ಡಿಯೆಂದು ಇದೇ ಮೊತ್ತ ಇರಬೇಕು, ಶಿಲ್ಕು 5,84,790 ಆಗಿರಬೇಕು. ರೂಪಾಯಿಗೆ ಸರಿಹೊಂದಿಸುವಾಗ ಒಂದೆರಡು ರೂಪಾಯಿ ಹೆಚ್ಚುಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಜುಲೈನ ಎರಡು ದಿನದ ತಡಕ್ಕೆ ಇಲ್ಲಿ ಆದ ನಷ್ಟ 355 ರೂಪಾಯಿ. ದೊಡ್ಡ ಮೊತ್ತವೇನಲ್ಲ. ಇಡೀ 1,50,000ವನ್ನು ಏಪ್ರಿಲ್ 5ರೊಳಗೆ ಕಟ್ಟಿದ್ದರೆ ಬಡ್ಡಿ 39,050 ಆಗುತ್ತಿತ್ತು, ಅಂದರೆ 4,260 ರೂಪಾಯಿ ಹೆಚ್ಚು. ತೆರಿಗೆ ಉಳಿಸಲೆಂದು ಮಾರ್ಚ್ ಕೊನೆಯಲ್ಲಿ ಓಡಿಹೋಗಿ ಕಟ್ಟುವ ಅಭ್ಯಾಸದ ಬೆಲೆ ಇದು. ಹಾಗೆಂದು ಏಪ್ರಿಲ್‌ನಲ್ಲೇ ಕಟ್ಟಲೆಂದು ಬೇರೆ ಕಡೆ ಹೆಚ್ಚಿನ ಬಡ್ಡಿಗೆ ಸಾಲ ಮಾಡುವುದರಲ್ಲಿ ಅರ್ಥವಿಲ್ಲ.

ಲೆಕ್ಕ ಹಾಕಿದ ಬಡ್ಡಿಗೂ ಪಾಸ್‌ಬುಕ್‌ಗೂ ತಾಳೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ತಾರೀಖನ್ನೇ. ಹಣ ಕಳಿಸಿದ ದಿನ ಲೆಕ್ಕಕ್ಕೆ ಬರುವುದಿಲ್ಲ, ಪಿಪಿಎಫ್ ಖಾತೆಗೆ ಜಮಾ ಎಂದು ದಾಖಲಾದ ದಿನವೇ ಲೆಕ್ಕ. ಮೂರನೇ ತಾರೀಖು ಕೊಟ್ಟ ಚೆಕ್ಕು ಪಾಸಾಗಿ ಏಳಕ್ಕೆ ಜಮಾ ಎಂದಿದ್ದರೆ ಆ ತಿಂಗಳು ಕೈಬಿಟ್ಟಂತೆ. ಉಳಿತಾಯ ಖಾತೆಯಿಂದ ತಾನಾಗಿ ಹಣ ಹೋಗುವಂತೆ ಸೂಚನೆ ಕೊಟ್ಟವರು ಐದನೇ ತಾರೀಖನ್ನೇ ಆರಿಸಿಕೊಳ್ಳುವುದುಂಟು. ಐದು ರಜಾದಿನವಾದ ತಿಂಗಳು ಅದು ಆರಕ್ಕೆ ಜಾರಬಹುದು. ಒಂದನೆಯದೋ ಎರಡನೆಯದೋ ತಾರೀಖು ಇಟ್ಟುಕೊಂಡರೆ ಈ ಜಂಜಾಟವಿಲ್ಲ. ನಡುವೆ ಹಣ ತೆಗೆದ ತಿಂಗಳನ್ನೂ ನೋಡಬೇಕು: 28ರಂದು ಹಣ ತೆಗೆದರೂ ಆ ಮೊತ್ತದ ಮೇಲೆ ಇಡೀ ತಿಂಗಳ ಬಡ್ಡಿ ಹೋಗುತ್ತದೆ, ಏಕೆಂದರೆ ಲೆಕ್ಕ ಅತಿ ಕಡಿಮೆ ಶಿಲ್ಕಿನದು.

ಹಳೆಯ ಪುಟಗಳನ್ನು ಪರಿಶೀಲಿಸುವವರು ದರವನ್ನೂ ಗಮನಿಸಬೇಕು. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. 2019ರ ಏಪ್ರಿಲ್‌ನಿಂದ ಜೂನ್‌ವರೆಗೆ ಶೇ 8 ಇದ್ದದ್ದು ಜುಲೈನಿಂದ ಶೇ 7.9ಕ್ಕೆ ಇಳಿಯಿತು. ಅಂಥ ವರ್ಷದಲ್ಲಿ ಮೊದಲ ಮೂರು ತಿಂಗಳನ್ನು ಬೇರೆಯಾಗಿ, ಉಳಿದ ಒಂಬತ್ತನ್ನು ಬೇರೆಯಾಗಿ ಲೆಕ್ಕ ಹಾಕದೆ ಉತ್ತರ ಸರಿಬರುವುದಿಲ್ಲ.

ಇನ್ನು ವರ್ಷದ ಮಿತಿ. ಕನಿಷ್ಠ 500, ಗರಿಷ್ಠ 1,50,000 ರೂಪಾಯಿ. ಇದನ್ನು ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಜಮಾ ಸಾಲುಗಳನ್ನು ಕೂಡಿ ನೋಡಬೇಕು. ಬಡ್ಡಿಯ ಸಾಲನ್ನು ಇದರಲ್ಲಿ ಸೇರಿಸಬಾರದು. ಮೇಲಿನ ಖಾತೆಯಲ್ಲಿ ಮೂರು ಕಂತುಗಳು ಸೇರಿ ಮಿತಿಗೆ ಸರಿಯಾಗಿವೆ. ಆದರೆ ಮಾರ್ಚ್ 30ರಂದು ಕಳಿಸಿದ 40,000 ಪಾಸ್‌ಬುಕ್‌ನಲ್ಲಿ ಏಪ್ರಿಲ್ 1ರ ತಾರೀಖಿನಲ್ಲಿ ದಾಖಲಾಗಿದೆ ಎಂದುಕೊಳ್ಳಿ. ಆಗ ಆ ಹಣ ಮುಂದಿನ ವರ್ಷದ್ದು. ಹಿಂದಿನ ವರ್ಷದ ತೆರಿಗೆ ಲೆಕ್ಕದಲ್ಲಿ ಅದನ್ನು ತೋರಿಸುವಂತಿಲ್ಲ. ಮುಂದಿನ ವರ್ಷಕ್ಕೆ ಉಳಿಯುವ ಅವಕಾಶ 1,10,000 ಮಾತ್ರ. ಇದನ್ನು ಗಮನಿಸದೆ ಎಂದಿನಂತೆ 1,50,000 ಕಟ್ಟಲು ಹೋದರೆ ಮಿತಿ 40,000ದಷ್ಟು ಮೀರುತ್ತದೆ.

ಒಂದೇ ಖಾತೆಯಲ್ಲಾದರೆ ಹೆಚ್ಚಿನ ಹಣವನ್ನು ಬ್ಯಾಂಕಿನ ಗಣಕವೇ ತಡೆಯುವುದು ಸಾಮಾನ್ಯ. ಎಡವಟ್ಟಾಗುವುದು ಮಕ್ಕಳ ಖಾತೆಯಲ್ಲಿ. ಅಪ್ಪನೋ ಅಮ್ಮನೋ ಪೋಷಕರಾಗಿ ಅಪ್ರಾಪ್ತ ಮಗುವಿನ ಹೆಸರಿನಲ್ಲಿ ಖಾತೆ ತೆರೆದಿದ್ದರೆ, ತಮ್ಮ ಖಾತೆ ಮತ್ತು ಆ ಮಗುವಿನ ಖಾತೆ ಎರಡೂ ಸೇರಿ 1,50,000 ದಾಟುವಂತಿಲ್ಲ. ತಂದೆಯ ಖಾತೆ ಬ್ಯಾಂಕಿನಲ್ಲಿ, ಮಗಳದು ಅಂಚೆ ಕಚೇರಿಯಲ್ಲಿ ಇದ್ದು, ಇಲ್ಲಿ 1,50,000, ಅಲ್ಲಿ 50,000 ಕಟ್ಟಿದರೆ ಎರಡು ಪಾಸ್‌ಬುಕ್‌ಗಳನ್ನೂ ಬಿಡಿಬಿಡಿಯಾಗಿ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿದಾಗಲೇ ಹೆಚ್ಚುವರಿ 50,000 ಹೊರಬೀಳುವುದು. ಈ ಹೆಚ್ಚುವರಿ ಹಣಕ್ಕೆ ಬಡ್ಡಿ ಇಲ್ಲ, ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುವ ವಿನಾಯಿತಿಯೂ ಇಲ್ಲ. ಅದು ಯಾವಾಗ ಪತ್ತೆಯಾದರೂ ಬಡ್ಡಿಯಿಲ್ಲದೆ ಹಿಂದಿರುಗುತ್ತದೆ. ಬಹಳ ವರ್ಷಗಳ ನಂತರ ಗೊತ್ತಾದರೆ ಅಷ್ಟೂ ಕಾಲ ಆ ಹಣ ಸುಮ್ಮನೆ ಕುಳಿತಂತೆ.

ಕೆಳಗಿನ ಮಿತಿ ಅಷ್ಟು ತೊಡಕಿನದಲ್ಲ. ಯಾವುದಾದರೂ ವರ್ಷ 500 ರೂಪಾಯಿಯೂ ಕಟ್ಟಿಲ್ಲವೆಂದರೆ ಖಾತೆ ಸ್ಥಗಿತವಾಗುತ್ತದೆ. ಸಾಲ ಪಡೆಯುವ, ಭಾಗಶಃ ಹಣ ತೆಗೆಯುವ ಸೌಲಭ್ಯ ನಿಲ್ಲುತ್ತದೆ. ಖಾತೆಯ ಅವಧಿ ಮುಗಿಯುವುದರೊಳಗೆ, ತಪ್ಪಿದ ಪ್ರತಿ ವರ್ಷಕ್ಕೆ 500 ರೂಪಾಯಿ ಮತ್ತು 50 ರೂಪಾಯಿ ದಂಡ ಕಟ್ಟಿ ಅದನ್ನು ಮತ್ತೆ ಚಾಲ್ತಿಗೆ ತರಬಹುದು.

ಪರಿಶೀಲನೆಗೆ ಒಳ್ಳೆಯ ಕಾಲ ಏಪ್ರಿಲ್‌ನ ಎರಡನೇ ವಾರ. ಆ ಹೊತ್ತಿಗೆ ವರ್ಷದ ಬಡ್ಡಿಯ ಸಾಲು ಪಾಸ್‌ಬುಕ್‌ನಲ್ಲಿ ಅಚ್ಚಾಗಿರುವ ಸಂಭವ ಹೆಚ್ಚು. ಬಡ್ಡಿ ಕಡಿಮೆ ಬಂದಿದೆ ಎನಿಸಿದರೆ ತಿಂಗಳುವಾರು ಶಿಲ್ಕನ್ನು ಮೇಲಿನಂತೆ ಒಂದು ಹಾಳೆಯಲ್ಲಿ ಬರೆದು, ಉಳಿತಾಯ ಖಾತೆಯಿಂದ ಹಣ ಹೋದ ದಿನದ ಪ್ರತಿಯನ್ನೂ ಅಥವಾ ಚಲನ್ನಿನ ಮೊಹರಾದ ತುಂಡನ್ನೂ ಲಗತ್ತಿಸಿ ಶಾಖೆಗೆ ಅರ್ಜಿ ಕೊಡಬೇಕು. ಬಡ್ಡಿ ತಪ್ಪಾಗಿದೆ ಎಂಬ ಬಾಯಿಮಾತಿನ ದೂರಿಗಿಂತ, ಯಾವ ತಿಂಗಳ ಶಿಲ್ಕನ್ನು ಎಷ್ಟು ಹಿಡಿಯಬೇಕಿತ್ತು ಎಂದು ಹೆಸರಿಸಿ ಕೇಳಿದ ಅರ್ಜಿಗೆ ಗುಮಾಸ್ತರು ಬೇಗ ಉತ್ತರ ಹುಡುಕಬಲ್ಲರು.