43 ಇಮೇಲ್, ಒಂದು ಪುಟ

‘ಕೆಳಗಿನ ಮೇಲ್‌ಗಳನ್ನು ದಯವಿಟ್ಟು ನೋಡಿ’ ಎಂಬ ಒಂದೇ ಸಾಲು ಸೇರಿಸಿ 43 ಇಮೇಲ್‌ಗಳ ಸರಮಾಲೆಯನ್ನು ನಿರ್ದೇಶಕರಿಗೆ ಕಳಿಸುವವರಿದ್ದಾರೆ. ಅವರು ಕಾರಿನಲ್ಲಿ ಕೂತು ಮೊಬೈಲ್‌ನಲ್ಲಿ ಮೇಲಿನ ಎರಡನ್ನು ಓದಿ, ‘ಮಾತಾಡೋಣ’ ಎಂದು ಉತ್ತರಿಸುತ್ತಾರೆ. ಅದು 44ನೆಯ ಮೇಲ್.

ಒಂದು ಆಸ್ಪತ್ರೆಯ ಉದಾಹರಣೆ ಕಲ್ಪಿಸಿಕೊಳ್ಳೋಣ. ಹಳೆಯ ಜನರೇಟರ್ ಬದಲಿಸಬೇಕು. ಜೂನ್ 9ರಿಂದ 27ರವರೆಗೆ ಎಂಜಿನಿಯರ್, ಲೆಕ್ಕಪತ್ರ ವಿಭಾಗ, ವೈದ್ಯಕೀಯ ಅಧೀಕ್ಷಕರು ಮತ್ತು ಇಬ್ಬರು ಮಾರಾಟಗಾರರ ನಡುವೆ ಮೇಲ್‌ಗಳು ಓಡಾಡಿವೆ. ಇದನ್ನು ಒಂದು ಪುಟಕ್ಕೆ ಇಳಿಸುವವರು ಮೊದಲು ಮೇಲ್ ಓದಬಾರದು, ಒಂದು ಪ್ರಶ್ನೆ ಬರೆದುಕೊಳ್ಳಬೇಕು: ನಿರ್ದೇಶಕರು ಯಾವುದಕ್ಕೆ ಹೌದು ಅಥವಾ ಬೇಡ ಎನ್ನಬೇಕು, ಯಾವ ದಿನದೊಳಗೆ? ಇಲ್ಲಿ ಅದು, ಯಾರ ಜನರೇಟರ್ ಕೊಳ್ಳುವುದು ಎಂಬುದು. ಕೊಟೇಶನ್‌ಗಳ ಅವಧಿ ಜೂನ್ 30ಕ್ಕೆ ಮುಗಿಯುತ್ತದೆ. ಈ ಪ್ರಶ್ನೆಗೆ ಸಂಬಂಧಿಸದ ಮೇಲ್ ಎಷ್ಟೇ ಬಿಸಿಯಾಗಿದ್ದರೂ ಟಿಪ್ಪಣಿಗೆ ಬರುವುದಿಲ್ಲ.

ಆಮೇಲೆ ತಳದಿಂದ, ಅಂದರೆ ಹಳೆಯ ಮೇಲ್‌ನಿಂದ ಓದುತ್ತಾ ಬರಬೇಕು. ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರು ಬರೆದು, ಎದುರಿಗೆ ಅವರ ಕೊನೆಯ ನಿಲುವನ್ನೂ ತಾರೀಖನ್ನೂ ಗುರುತು ಹಾಕಿಕೊಳ್ಳುವುದು ನನ್ನ ರೂಢಿ. ಎಂಜಿನಿಯರ್ 12ರಂದು ‘160 ಕೆವಿಎ ಬೇಕೇಬೇಕು’ ಎಂದು ಜೋರಾಗಿ ಬರೆದಿದ್ದರು. 19ರಂದು ಲೋಡ್ ಅಳೆದು ನೋಡಿ, ‘125 ಸಾಕು’ ಎಂದರು. ಅವಸರದಲ್ಲಿ ಓದಿದವರ ನೆನಪಿನಲ್ಲಿ ಉಳಿಯುವುದು ಆ ಜೋರು ಮಾತೇ. ಆದರೆ ಟಿಪ್ಪಣಿಗೆ ಬೇಕಾದ್ದು ಎರಡನೆಯದು.

ಇನ್ನು ‘ಸರಿ’ ಎಂಬ ಒಂದು ಪದದ ಉತ್ತರ. ಇದರಷ್ಟು ಮೋಸ ಮಾಡುವ ಮೇಲ್ ಇನ್ನೊಂದಿಲ್ಲ. ಅಧೀಕ್ಷಕರು 16ರಂದು ‘ಸರಿ’ ಎಂದದ್ದು ಜುಲೈ 20ರ ಭಾನುವಾರ ನಾಲ್ಕು ಗಂಟೆ ವಿದ್ಯುತ್ ನಿಲ್ಲಿಸುವುದಕ್ಕೆ. ಎರಡು ದಿನದ ನಂತರ ಮಾರಾಟಗಾರರು ಆ ಕೆಲಸವನ್ನು 23ರ ಬುಧವಾರಕ್ಕೆ ತಳ್ಳಿದರು. ಅದಕ್ಕೆ ಅಧೀಕ್ಷಕರ ಉತ್ತರವೇ ಇಲ್ಲ. ಹಾಗಾಗಿ ‘ಅಧೀಕ್ಷಕರು ಒಪ್ಪಿದ್ದಾರೆ’ ಎಂದು ಬರೆದರೆ ಅದು ಸುಳ್ಳು.

ಹಣದ ಲೆಕ್ಕವನ್ನು ಮೇಲ್‌ನ ಮಾತಿನಿಂದ ಎತ್ತಿಕೊಳ್ಳದೆ ಮೂಲ ಕೊಟೇಶನ್ ತೆರೆದು ನೋಡಬೇಕು. ಉತ್ತರದ ಮೇಲೆ ಉತ್ತರ ಬಂದಾಗ ಲಗತ್ತುಗಳು ಹಿಂದೆಯೇ ಉಳಿದುಬಿಡುತ್ತವೆ, ಜೊತೆಗೆ ಬರುವುದು ಯಾರೋ ನೆನಪಿನಿಂದ ಬರೆದ ಅಂಕಿ ಮಾತ್ರ. ನಮ್ಮ ಸರಣಿಯಲ್ಲಿ ಮೊದಲನೆಯವರ ದರ 18.40 ಲಕ್ಷ, ಎರಡನೆಯವರದು 20.60 ಲಕ್ಷ. ಮೊದಲನೆಯದು 2.20 ಲಕ್ಷ ಅಗ್ಗ ಎಂದು ಲೆಕ್ಕಪತ್ರ ವಿಭಾಗ ಬರೆದದ್ದನ್ನೇ ಉಳಿದವರು ಐದು ಸಲ ಹೇಳಿದ್ದಾರೆ. ಕೊಟೇಶನ್ ತೆರೆದರೆ ಮೊದಲನೆಯದರಲ್ಲಿ ಶೇ 18 ಜಿಎಸ್‌ಟಿ ಪ್ರತ್ಯೇಕ, ಎರಡನೆಯದರಲ್ಲಿ ಸೇರಿದೆ. ತೆರಿಗೆ ಕೂಡಿಸಿದರೆ ಮೊದಲನೆಯದು 21.71 ಲಕ್ಷ. ಅಗ್ಗ ಎಂದದ್ದೇ 1.11 ಲಕ್ಷ ದುಬಾರಿ!

ಬರೆಯಲು ಕೂತಾಗ ಕಾಡುವುದು ನಮ್ಮ ಕಚೇರಿ ಕನ್ನಡ. ‘ಪರಿಶೀಲಿಸಲಾಗುತ್ತಿದೆ’, ‘ತಿಳಿಸಲಾಗಿದೆ’ ಎಂದರೆ ಯಾರು, ಎಂದು ಎಂಬುದೆಲ್ಲ ಮಾಯ. ನಿರ್ದೇಶಕರಿಗೆ ಬೇಕಾದ್ದು ಅದೇ. ವಿವರ ಬೇಕೆಂದವರಿಗೆ ಅನುಬಂಧವಿದೆ. 1940ರ ಆಗಸ್ಟ್‌ನಲ್ಲಿ, ಯುದ್ಧದ ನಡುವೆ ಚರ್ಚಿಲ್ ತಮ್ಮ ಅಧಿಕಾರಿಗಳಿಗೆ ಸುತ್ತೋಲೆ ಕಳಿಸಿ, ವರದಿ ಚಿಕ್ಕದಿರಲಿ, ಅಂಕಿಅಂಶ ಅನುಬಂಧಕ್ಕೆ ಹೋಗಲಿ ಎಂದಿದ್ದರು. ಟಿಪ್ಪಣಿ ಹೀಗೆ ಆರಂಭವಾಗಬಹುದು:

‘ಜೂನ್ 30ರೊಳಗೆ ನಿರ್ಧಾರ ಬೇಕು: 125 ಕೆವಿಎ ಜನರೇಟರ್ ಯಾರಿಂದ? ಎರಡನೆಯ ಮಾರಾಟಗಾರರಿಂದ, ತೆರಿಗೆ ಸೇರಿ 20.60 ಲಕ್ಷಕ್ಕೆ, ಕೊಳ್ಳಬಹುದೆಂದು ಶಿಫಾರಸು. ಊರಿನಲ್ಲೇ ಅವರ ಸರ್ವಿಸ್ ಸಿಬ್ಬಂದಿ ಇರುವುದರಿಂದ ಎಂಜಿನಿಯರ್ ಆಯ್ಕೆಯೂ ಇದೇ. ಲೆಕ್ಕಪತ್ರ ವಿಭಾಗ ಮೊದಲನೆಯವರ ಪರ ಇದೆ, ಆದರೆ ಅವರ ಹೋಲಿಕೆ ತೆರಿಗೆ ಸೇರಿಸದ ದರದ್ದು (ಜೂನ್ 20ರ ಮೇಲ್). ವಿದ್ಯುತ್ ನಿಲುಗಡೆಯ ಬುಧವಾರಕ್ಕೆ ಅಧೀಕ್ಷಕರ ಒಪ್ಪಿಗೆ ಇನ್ನೂ ಬಂದಿಲ್ಲ.’

ಗಮನಿಸಿ, ಲೆಕ್ಕಪತ್ರದವರು ಮನಸ್ಸು ಬದಲಿಸಿದರು ಎಂದು ಇಲ್ಲಿ ಬರೆದಿಲ್ಲ. ತೆರಿಗೆ ನೋಡಿದ ಮೇಲೆ ಬದಲಿಸಬಹುದು, ಆದರೆ ಅದನ್ನು ಅವರೇ ಹೇಳಬೇಕು. ಬರೆದವರ ಊಹೆ ಇನ್ನೊಬ್ಬರ ಬಾಯಿಗೆ ಸೇರಿಬಿಡುವುದು ಇಂಥ ಟಿಪ್ಪಣಿಗಳ ಹಳೆಯ ಕಾಯಿಲೆ.

ಮೇಲಕ್ಕೆ ಕಳಿಸುವ ಮೊದಲು, ಟಿಪ್ಪಣಿಯಲ್ಲಿ ಹೆಸರಿರುವ ಮೂವರಿಗೂ ಅವರವರ ವಾಕ್ಯವನ್ನಷ್ಟೇ ತೋರಿಸಿ, ‘ನಿಮ್ಮ ಮಾತು ಇದೇ ತಾನೇ ಸಾರ್?’ ಎಂದು ಕೇಳಲು ಹತ್ತು ನಿಮಿಷ ಸಾಕು. ಅಧೀಕ್ಷಕರಿಗೆ ಫೋನ್ ಹೋದಾಗ ಬರುವ ಉತ್ತರ ಹೀಗಿರಬಹುದು: ‘ಬುಧವಾರ ಆಪರೇಷನ್ ದಿನ ಕಣಪ್ಪ, ಸಾಧ್ಯವೇ ಇಲ್ಲ. ಯಾರೂ ನನ್ನ ಕೇಳಲೇ ಇಲ್ಲವಲ್ಲ!’ ಆಗ ಟಿಪ್ಪಣಿಯ ಕೊನೆಯ ಸಾಲು ಬದಲಾಗುತ್ತದೆ: ‘ಬುಧವಾರಕ್ಕೆ ಅಧೀಕ್ಷಕರ ವಿರೋಧವಿದೆ. ಭಾನುವಾರವೇ ಕೆಲಸ ಮಾಡಬೇಕೆಂಬ ಷರತ್ತಿನ ಮೇಲೆ ಆರ್ಡರ್ ಕೊಡಬಹುದು.’