ಐದನೇ ತಾರೀಖಿನ ಐದು ಸಾವಿರ

ಮ್ಯೂಚುವಲ್ ಫಂಡಿನ ಎಸ್‌ಐಪಿ ಒಮ್ಮೆ ಶುರುವಾದರೆ ಹಣ ತನ್ನಷ್ಟಕ್ಕೆ ಕಟ್ ಆಗುತ್ತದೆ. ಹಾಗಿದ್ದೂ ಮೊಬೈಲಿನಲ್ಲಿ ತಿಂಗಳಿಗೆ ಎರಡು ರಿಮೈಂಡರ್ ಇಟ್ಟುಕೊಳ್ಳುವುದು ಒಳ್ಳೆಯದು: ಕಂತಿನ ದಿನಕ್ಕೆ ಎರಡು ದಿನ ಮೊದಲು ಒಂದು, ನಾಲ್ಕೈದು ದಿನ ಕಳೆದ ಮೇಲೆ ಇನ್ನೊಂದು.

ಹುಬ್ಬಳ್ಳಿಯ ಒಬ್ಬ ಶಿಕ್ಷಕಿ ಪ್ರತಿ 5ರಂದು 5,000 ರೂಪಾಯಿ ಹಾಕುತ್ತಾರೆ ಎಂದುಕೊಳ್ಳೋಣ. ಮೊದಲ ರಿಮೈಂಡರ್ 3ನೇ ತಾರೀಖಿಗೆ. ಅವರು ಆಗ ನೋಡಬೇಕಾದದ್ದು ಖಾತೆಯ ಬಾಕಿಯನ್ನು ಮಾತ್ರ. 5ರ ಬೆಳಿಗ್ಗೆ ಎದ್ದು ದುಡ್ಡು ತುಂಬಿದರೆ ತಡವಾಗಿರಬಹುದು. ಕಂತು ತಪ್ಪಿದ್ದಕ್ಕೆ ಫಂಡ್ ದಂಡ ಹಾಕುವುದಿಲ್ಲ, ಆದರೆ ಬ್ಯಾಂಕು ಚೆಕ್ ಬೌನ್ಸ್ ಆದಾಗಿನಂತೆ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ ಹಿಡಿಯುತ್ತದೆ. ಮಾಸಿಕ ಎಸ್‌ಐಪಿಯಲ್ಲಿ ಸತತ ಮೂರು ಕಂತು ತಪ್ಪಿದರೆ ಯೋಜನೆಯೇ ರದ್ದಾಗುತ್ತದೆ.

ಎರಡನೇ ರಿಮೈಂಡರ್ 10ಕ್ಕೆ. ಈಗ ಬ್ಯಾಂಕಿನ ಪಾಸ್‌ಬುಕ್ ಮತ್ತು ಫಂಡಿನ ಸ್ಟೇಟ್‌ಮೆಂಟನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಪಾಸ್‌ಬುಕ್ಕಿನಲ್ಲಿ ಫಂಡಿನ ಹೆಸರೇ ಇರುತ್ತದೆಂದು ಹುಡುಕಿದರೆ ಗಾಬರಿಯಾದೀತು. ಆ್ಯಪ್ ಮೂಲಕ ಹೂಡಿದವರಿಗೆ ಅಲ್ಲಿ ಇಂಡಿಯನ್ ಕ್ಲಿಯರಿಂಗ್ ಕಾರ್ಪೊರೇಷನ್‌ನಂಥ ಹೆಸರು ಕಾಣಿಸಬಹುದು. ಅದು ಷೇರು ವಿನಿಮಯ ಕೇಂದ್ರದ ಪರವಾಗಿ ಹಣ ಸಂಗ್ರಹಿಸುವ ಸಂಸ್ಥೆ.

ಫಂಡಿನ ಸ್ಟೇಟ್‌ಮೆಂಟಿನಲ್ಲಿ 5,000ದ ಬದಲು 4,999.75 ಎಂದಿದ್ದರೆ ಅದು ತಪ್ಪಲ್ಲ. 2020ರ ಜುಲೈ 1ರಿಂದ ಪ್ರತಿ ಖರೀದಿಗೂ ಶೇ 0.005ರಷ್ಟು ಸ್ಟ್ಯಾಂಪ್ ಡ್ಯೂಟಿ ಇದೆ. ಆ 25 ಪೈಸೆ ಅಲ್ಲಿಗೆ ಹೋಗಿದೆ. ಉಳಿದ ಹಣವನ್ನು ಆ ದಿನದ ಎನ್‌ಎವಿಯಿಂದ ಭಾಗಿಸಿದರೆ ಯೂನಿಟ್ ಸಂಖ್ಯೆ ಸಿಗಬೇಕು. ಎನ್‌ಎವಿ 62.50 ಇದ್ದರೆ 79.996 ಯೂನಿಟ್. ಈ ಎನ್‌ಎವಿ 5ರದ್ದೇ ಆಗಿರಬೇಕೆಂದೇನೂ ಇಲ್ಲ. 2021ರ ಫೆಬ್ರುವರಿಯಿಂದ, ಹಣ ಫಂಡಿನ ಕೈ ಸೇರಿದ ದಿನದ ಬೆಲೆಯೇ ಲೆಕ್ಕಕ್ಕೆ ಬರುತ್ತದೆ.

ಪೈಸೆಗಳ ವ್ಯತ್ಯಾಸ ಹೀಗೆ ಬಗೆಹರಿಯುತ್ತದೆ. ಸಾವಿರಗಳ ವ್ಯತ್ಯಾಸಕ್ಕೆ ಕಾರಣ ಹುಡುಕಲೇಬೇಕು. 10,000 ಹೋಗಿದ್ದರೆ, ಹಳೆಯ ಎಸ್‌ಐಪಿ ನಿಲ್ಲಿಸುವ ಮನವಿ ಜಾರಿಗೆ ಬರುವ ಮೊದಲೇ ಹೊಸದೂ ಶುರುವಾಗಿರಬಹುದು. ಹಣ ಕಟ್ ಆಗಿದ್ದು ಯೂನಿಟ್ ಬಂದಿರದಿದ್ದರೆ ಪಾಸ್‌ಬುಕ್ಕಿನ ಉಲ್ಲೇಖ ಸಂಖ್ಯೆ ಹಿಡಿದು ಫಂಡಿಗೆ ಬರೆಯಬೇಕು.

ಹೆಚ್ಚಿನವರು ಎಡವುವುದು ಒಂದು ವರ್ಷ ಕಳೆದ ಮೇಲೆ. ಶಿಕ್ಷಕಿ ವರ್ಷಕ್ಕೆ ಶೇ 10ರಷ್ಟು ಏರುವ ಸ್ಟೆಪ್-ಅಪ್ ಆರಿಸಿದ್ದರೆ 13ನೇ ಕಂತು 5,500. ಬ್ಯಾಂಕಿಗೆ ಕೊಟ್ಟ ಮ್ಯಾಂಡೇಟ್‌ನ ಮಿತಿ 5,000ಕ್ಕೇ ನಿಂತಿದ್ದರೆ, ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದರೂ ಆ ಕಂತು ತಿರಸ್ಕೃತವಾಗುತ್ತದೆ. ಆಗ ಹೊಸ ಮ್ಯಾಂಡೇಟ್ ಮಾಡಿಸಬೇಕು. ಇದೇ ದರದಲ್ಲಿ ಆರನೇ ವರ್ಷದ ಕಂತು ಸುಮಾರು 8,050 ರೂಪಾಯಿಗೆ ಮುಟ್ಟುತ್ತದೆ. ಮೊದಲ ದಿನವೇ 10,000ದ ಮಿತಿ ಹಾಕಿಸಿದ್ದರೆ ಅಲ್ಲಿಯವರೆಗೆ ಮ್ಯಾಂಡೇಟ್ ಮುಟ್ಟಬೇಕಾಗಿಲ್ಲ. ಮಿತಿ ದೊಡ್ಡದಾದ ಮಾತ್ರಕ್ಕೆ ಹೆಚ್ಚು ಹಣ ಕಟ್ ಆಗುವುದಿಲ್ಲ.