ಹಸು ಮಲಗಿದರೆ ಮಳೆ ಬರುತ್ತದೆಯೇ?

ಹುಲ್ಲುಗಾವಲಿನಲ್ಲಿ ಹಸುಗಳು ಮಲಗಿಬಿಟ್ಟರೆ ಮಳೆ ಖಂಡಿತ ಎನ್ನುವುದು ಇಂಗ್ಲೆಂಡಿನ ಹಳ್ಳಿಗಳ ಹಳೆಯ ನಂಬಿಕೆ. ಗಾಳಿಯ ತೇವ ಹಸುವಿಗೆ ಮೊದಲೇ ತಿಳಿಯುತ್ತದಂತೆ. ನೆಲ ನೆನೆಯುವ ಮುಂಚೆ ತನಗೊಂದು ಒಣ ಜಾಗ ಹಿಡಿದಿಟ್ಟುಕೊಳ್ಳುತ್ತದಂತೆ. ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ ಎನ್ನುವ ನಮಗೆ ಇದೇನೂ ವಿಚಿತ್ರವಲ್ಲ.

ಆದರೆ ಹಸುವಿನ ದಿನಚರಿ ನೋಡಿ. ಹಾಲು ಕೊಡುವ ಹಸು ದಿನಕ್ಕೆ ಸುಮಾರು ಹತ್ತರಿಂದ ಹದಿನಾಲ್ಕು ಗಂಟೆ ಮಲಗಿಯೇ ಇರುತ್ತದೆ, ಅದೂ ಒಂದೇ ಸಲಕ್ಕಲ್ಲ, ಹಲವು ಕಂತುಗಳಲ್ಲಿ. ಬೆಳಗ್ಗೆ ಮೇದದ್ದನ್ನು ಆಮೇಲೆ ಮಲಗಿ ಮೆಲುಕು ಹಾಕುತ್ತದೆ. ಮಂದೆಯಲ್ಲಿ ಒಂದು ಮಲಗಿದರೆ ಉಳಿದವೂ ಮಲಗುವುದುಂಟು. ದಾರಿಹೋಕನಿಗೆ ಕಾಣುವುದು ಇದೇ: ಇಡೀ ಮಂದೆ ನೆಲ ಹಿಡಿದಿದೆ!

ತೇವದ ವಾದಕ್ಕೆ ಇನ್ನೊಂದು ತೊಡಕಿದೆ. ಮಲಗಿದ ಹಸುವಿನ ಮೈಯಲ್ಲಿ ಕಾವು ಸೇರಿಕೊಳ್ಳುತ್ತದೆ. ಎದ್ದು ನಿಂತರೆ ಮೈಗೆಲ್ಲ ಗಾಳಿಯಾಡಿ ಕಾವು ಇಳಿಯುತ್ತದೆ. ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾ, ಮಿನೆಸೋಟಾದ ಹಸುಗಳ ಮೈಯೊಳಗಿನ ಉಷ್ಣತೆ ಅಳೆದ ಸಂಶೋಧಕರಿಗೆ, ಅದು 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿದಾಗ ಹಸುಗಳು ನಿಂತಿರುವುದೇ ಹೆಚ್ಚು ಎಂದು ಕಂಡಿತು. ಗುಡುಗು ಮಳೆಗೆ ಮುಂಚಿನ ಸೆಕೆ ಅಂಥದ್ದೇ ಹೊತ್ತು. ಹಾಗಾದರೆ ಹಸು ಆಗ ಮಲಗುವ ಬದಲು ನಿಲ್ಲಬೇಕಲ್ಲ!

ಒಣ ಜಾಗದ ಮಾತನ್ನು ಮಾತ್ರ ನಾನು ಪೂರ್ತಿ ತಳ್ಳಿಹಾಕಲಾರೆ. ಒದ್ದೆ ನೆಲ ಹಸುವಿಗೆ ನಿಜಕ್ಕೂ ಆಗದು. ಕೆನಡಾದ ಒಂದು ಪ್ರಯೋಗದಲ್ಲಿ ಮರದ ಹೊಟ್ಟಿನ ಹಾಸು ಒಣಗಿದ್ದಾಗ ದಿನಕ್ಕೆ ಹದಿನಾಲ್ಕು ಗಂಟೆಯ ಹತ್ತಿರ ಮಲಗುತ್ತಿದ್ದ ಹಸುಗಳು, ಹಾಸು ಒದ್ದೆಯಾದಾಗ ಒಂಬತ್ತು ಗಂಟೆಗೆ ಇಳಿದವು. ಆದರೆ ಇದು ಒದ್ದೆಯಾದ ಮೇಲಿನ ಕಥೆ. ಮುಂದೆ ಬರುವ ಮಳೆಯನ್ನು ಅವು ಬಲ್ಲವು ಎನ್ನುವುದಕ್ಕೆ ಇದು ಸಾಕ್ಷಿಯಾಗದು.

ಹಾಗಿದ್ದೂ ನಂಬಿಕೆ ಉಳಿದದ್ದು ಹೇಗೆ? ಲೆಕ್ಕ ಹಾಕಿ ನೋಡೋಣ. ನೂರು ದಿನಗಳಲ್ಲಿ 40 ದಿನ ಮಳೆ ಬಂತೆನ್ನಿ. ನೀವು ನೋಡುವ ಹೊತ್ತಿಗೆ ಹಸುಗಳು ಮಲಗಿದ್ದದ್ದು 50 ದಿನ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೂ ಮಲಗಿ ಮಳೆ ಬಂದ ದಿನಗಳು ಹೆಚ್ಚುಕಡಿಮೆ 20 ಸಿಗುತ್ತವೆ. ನೆನಪಿನಲ್ಲಿ ಉಳಿಯುವುದು ಈ ಇಪ್ಪತ್ತೇ. ಮಲಗಿದರೂ ಬಾರದ 30 ದಿನ, ನಿಂತಿದ್ದರೂ ಬಂದ 20 ದಿನ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಊರ ಗೋಮಾಳದಲ್ಲಿ ಇದನ್ನು ಪರೀಕ್ಷಿಸುವವರು ಪ್ರತಿದಿನ ಒಂದೇ ಹೊತ್ತಿಗೆ ನೋಡಬೇಕು, ಮಳೆ ಬಾರದ ದಿನವನ್ನೂ ಬರೆದಿಡಬೇಕು. ಇಲ್ಲದಿದ್ದರೆ ಮೋಸ ಹೋಗುವುದು ಸುಲಭ: ಹಸುಗಳು ಮೆಲುಕಿಗೆ ಮಲಗುವುದು ಮಧ್ಯಾಹ್ನ, ಬೇಸಿಗೆಯ ಅಡ್ಡಮಳೆ ಸುರಿಯುವುದೂ ಬಹುಪಾಲು ಮಧ್ಯಾಹ್ನದ ಮೇಲೆಯೇ.